ಕಾಮನ್ ಆ್ಯಪ್‌ನ ಕೊನೆಯ ಬಾಕ್ಸ್: ಏನು ಬರೆಯಬೇಕು, ಯಾವಾಗ ಖಾಲಿ ಬಿಡಬೇಕು

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸರ್, ಎಲ್ಲಾ ತುಂಬಿ ಆಯ್ತು. ಕೊನೆಯಲ್ಲಿ ಇನ್ನೊಂದು ಬಾಕ್ಸ್ ಇದೆ. ಅದನ್ನ ಖಾಲಿ ಬಿಟ್ಟರೆ ನಡೆಯುತ್ತಾ?" ಕೇಳುವವರು ಅಮೆರಿಕದ ಕಾಲೇಜುಗಳಿಗೆ ಡಿಗ್ರಿ ಸೇರಲು ಅರ್ಜಿ ಹಾಕುತ್ತಿರುವ ಸೆಕೆಂಡ್ ಪಿಯು ಮಕ್ಕಳು. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು. ಇಂಥ ಅರ್ಜಿಗಳಿಗೆ ಕೆಲವು ವರ್ಷಗಳಿಂದ ಕೈಜೋಡಿಸುತ್ತಾ ಬಂದಿದ್ದೇನೆ.

ಈ ಒಂದು ಬಾಕ್ಸಿನಲ್ಲಿ ಮಕ್ಕಳು ಎರಡು ಥರ ಎಡವುತ್ತಾರೆ. ಹೇಳಲೇಬೇಕಾದ ಮಾತಿದ್ದವರು ಸಂಕೋಚದಿಂದ ಸುಮ್ಮನಾಗುತ್ತಾರೆ. ಹೇಳಲು ಏನೂ ಇಲ್ಲದವರು ಖಾಲಿ ಬಿಡಲು ಹೆದರಿ ಏನೇನೋ ತುಂಬುತ್ತಾರೆ. ಇಬ್ಬರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಾಕ್ಸ್ ಯಾವುದು ಅಂತ ನೋಡೋಣ

ಅಮೆರಿಕದ 1000ಕ್ಕೂ ಹೆಚ್ಚು ಕಾಲೇಜುಗಳು ಕಾಮನ್ ಆ್ಯಪ್ ಎಂಬ ಒಂದೇ ಆನ್‌ಲೈನ್ ಅರ್ಜಿಯನ್ನು ಒಪ್ಪುತ್ತವೆ. ಒಮ್ಮೆ ತುಂಬಿದರೆ ಅದೇ ಮಾಹಿತಿ ನೀವು ಆರಿಸಿದ ಎಲ್ಲ ಕಾಲೇಜುಗಳಿಗೂ ಹೋಗುತ್ತದೆ. ಪ್ರತಿ ವರ್ಷ ಆಗಸ್ಟ್ 1ಕ್ಕೆ ಹೊಸ ಸಾಲಿನ ಅರ್ಜಿ ತೆರೆಯುತ್ತದೆ.

ಅದರ `Writing` ವಿಭಾಗದಲ್ಲಿ 650 ಪದಗಳ ಮುಖ್ಯ ಪ್ರಬಂಧ ಇದೆ. ಪ್ರಬಂಧ ಮುಗಿದ ಮೇಲೆ `Additional Information` ಎಂಬ ಪುಟ ಬರುತ್ತದೆ. ಅಲ್ಲಿ ಎರಡು ಬೇರೆ ಬೇರೆ ಜಾಗಗಳಿವೆ. ಒಂದು ನಿಮ್ಮ ಓದಿಗೆ ಅಡ್ಡ ಬಂದ ಕಷ್ಟ, ಪರಿಸ್ಥಿತಿಗಳನ್ನು ಹೇಳುವ ಜಾಗ. ಅದಕ್ಕೆ 250 ಪದಗಳ ಮಿತಿ. ಇನ್ನೊಂದು ಅರ್ಜಿಯಲ್ಲಿ ಬೇರೆಲ್ಲೂ ಹಿಡಿಸದ ಮಾಹಿತಿಗೆ. ಇದರ ಮಿತಿ ಮೊದಲು 650 ಪದ ಇತ್ತು. 2025-26ರ ಸಾಲಿನಿಂದ ಹೊಸದಾಗಿ ಡಿಗ್ರಿ ಸೇರುವವರಿಗೆ ಅದನ್ನು 300ಕ್ಕೆ ಇಳಿಸಿದ್ದಾರೆ. ಹಳೆಯ ವಿಡಿಯೋಗಳಲ್ಲಿ, ಸೀನಿಯರ್‌ಗಳ ಬಾಯಲ್ಲಿ ಇನ್ನೂ 650 ಅಂತಲೇ ಕೇಳಿಸುತ್ತದೆ, ನಂಬಬೇಡಿ. ಎರಡೂ ಕಡ್ಡಾಯವಲ್ಲ.

ಮಿತಿ ಅರ್ಧಕ್ಕಿಂತ ಕೆಳಗೆ ಇಳಿದದ್ದು ನನಗೆ ಸರಿಯೇ ಅನ್ನಿಸಿತು. 650 ಪದ ಕೊಟ್ಟಾಗ ಮಕ್ಕಳು ಅದನ್ನು ಎರಡನೇ ಪ್ರಬಂಧ ಅಂದುಕೊಂಡು ಮೂರು ವಾರ ಒದ್ದಾಡುತ್ತಿದ್ದರು. ಇದು ಪ್ರಬಂಧ ಅಲ್ಲ. ಪುಸ್ತಕದ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಕೊಡುತ್ತಾರಲ್ಲ, ಅಂಥದ್ದು. ಮೇಲಿನ ಸಾಲು ಅರ್ಥವಾಗಲು ಬೇಕಿದ್ದರೆ ಮಾತ್ರ ಟಿಪ್ಪಣಿ ಇರುತ್ತದೆ.

ಹೆಜ್ಜೆ 1: ಉಳಿದದ್ದೆಲ್ಲ ತುಂಬಿ, ಆಮೇಲೆ ಇಲ್ಲಿಗೆ ಬನ್ನಿ

ಈ ಬಾಕ್ಸಿಗೆ ಕೈ ಹಾಕುವ ಮೊದಲು ಉಳಿದ ಅರ್ಜಿ ಪೂರ್ತಿ ಮುಗಿದಿರಬೇಕು. ಯಾಕೆಂದರೆ ನಮ್ಮ ಮಕ್ಕಳು ಇಲ್ಲಿ ಬರೆಯಲು ಹೊರಡುವ ಮಾತುಗಳಲ್ಲಿ ಮುಕ್ಕಾಲು ಪಾಲಿಗೆ ಅರ್ಜಿಯಲ್ಲೇ ಬೇರೆ ಜಾಗ ಇರುತ್ತದೆ.

ಉದಾಹರಣೆಗೆ, ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಗೆ ಬೇರೆ ಕಾಲೇಜು ಸೇರುವುದು ಮಾಮೂಲು. ಅಮೆರಿಕದಲ್ಲಿ 9ರಿಂದ 12ರವರೆಗೆ ಸಾಮಾನ್ಯವಾಗಿ ಒಂದೇ ಹೈಸ್ಕೂಲು. ಹಾಗಾಗಿ "ನಾನು ಶಾಲೆ ಬದಲಿಸಿದ್ದು ಯಾಕೆ" ಅಂತ ಮಕ್ಕಳು ಇಲ್ಲಿ ಒಂದು ಪ್ಯಾರಾ ಬರೆಯುತ್ತಾರೆ. ಅದು ಬೇಕಿಲ್ಲ. `Education` ವಿಭಾಗದಲ್ಲಿ ಹಿಂದೆ ಓದಿದ ಶಾಲೆಯ ಹೆಸರು, ಬಿಟ್ಟ ಕಾರಣ ಎರಡನ್ನೂ ಕೇಳುತ್ತಾರೆ. ನಮ್ಮಲ್ಲಿ ಹೈಸ್ಕೂಲು 10ಕ್ಕೆ ಮುಗಿಯುತ್ತದೆ, 11 ಮತ್ತು 12 ಪಿಯು ಕಾಲೇಜಿನಲ್ಲಿ ನಡೆಯುತ್ತದೆ ಅಂತ ಅಲ್ಲೇ ಒಂದು ಸಾಲು ಬರೆದರೆ ಮುಗಿಯಿತು. ಜಿಪಿಎ ಇಲ್ಲ, ರ‍್ಯಾಂಕ್ ಇಲ್ಲ ಅನ್ನುವುದಕ್ಕೂ ವಿವರಣೆ ಬೇಡ. ಆ ಜಾಗಗಳಲ್ಲಿ `None` ಆರಿಸಲು ಅವಕಾಶ ಇದೆ. ಒಂದು ವರ್ಷ ಬಿಟ್ಟು ಓದು ಮುಂದುವರಿಸಿದ್ದರೆ ಅದಕ್ಕೂ `Education` ವಿಭಾಗದಲ್ಲೇ ಜಾಗ ಇದೆ.

ಮನೆಯ ಕೆಲಸದ ವಿಷಯದಲ್ಲಂತೂ ನಮ್ಮವರು ಮೋಸ ಹೋಗುವುದು ಜಾಸ್ತಿ. ಅಪ್ಪನ ಅಂಗಡಿಯಲ್ಲಿ ದಿನಾ ಸಂಜೆ ಕೂರುವುದು, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವುದು, ತಮ್ಮನಿಗೆ ಪಾಠ ಹೇಳುವುದು, ಇವೆಲ್ಲ "ಚಟುವಟಿಕೆ" ಅಲ್ಲ ಅಂದುಕೊಂಡು ಇಲ್ಲಿ ತುರುಕುತ್ತಾರೆ. `Activities` ಪಟ್ಟಿಯಲ್ಲಿ `Family Responsibilities` ಅಂತಲೇ ಒಂದು ಬಗೆ ಇದೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಅಲ್ಲಿ ಲೆಕ್ಕ ಕೊಡಬಹುದು. ಪಟ್ಟಿಯಲ್ಲಿ 10 ಸಾಲುಗಳಿವೆ, ಅದರಲ್ಲಿ ಇದಕ್ಕೊಂದು ಸಾಲು ಧಾರಾಳವಾಗಿ ಕೊಡಿ. ಡಿಬೇಟ್ ಕ್ಲಬ್ಬಿಗೆ ಸಿಗುವ ಗೌರವವೇ ಅದಕ್ಕೂ ಸಿಗುತ್ತದೆ.

ಹೆಜ್ಜೆ 2: ತಪ್ಪಾಗಿ ಓದಿಸಿಕೊಳ್ಳುವ ಜಾಗ ಹುಡುಕಿ

ಈಗ ಅರ್ಜಿಯ ಪ್ರಿವ್ಯೂ ತೆಗೆದು ಪ್ರಿಂಟ್ ಹಾಕಿಸಿ. ಪಕ್ಕದಲ್ಲಿ ನಿಮ್ಮ ಅಂಕಪಟ್ಟಿಗಳನ್ನಿಡಿ. ಒಂಬತ್ತನೇ ತರಗತಿಯದ್ದೂ ಇರಬೇಕು. ನಮ್ಮಲ್ಲಿ ಒಂಬತ್ತರ ಅಂಕವನ್ನು ಯಾರೂ ಕೇಳುವುದಿಲ್ಲ, ಅಲ್ಲಿ 9ರಿಂದ 12ರವರೆಗೆ ನಾಲ್ಕೂ ವರ್ಷ ನೋಡುತ್ತಾರೆ.

ಕೈಯಲ್ಲೊಂದು ಪೆನ್ಸಿಲ್ ಹಿಡಿದು, ನಿಮ್ಮ ಗುರುತೇ ಇಲ್ಲದವರು ಓದುತ್ತಿದ್ದಾರೆ ಅಂದುಕೊಂಡು ಓದಿ. "ಇದೇನು, ಹೀಗೆ?" ಅಂತ ಅವರು ನಿಲ್ಲುವ ಕಡೆ ಒಂದು ಸುತ್ತು ಹಾಕಿ. ಸುತ್ತು ಬೀಳುವುದು ಸಾಮಾನ್ಯವಾಗಿ ಎರಡು ಬಗೆಯ ಜಾಗಗಳಿಗೆ. ಒಂದು, ಅಂಕ ಇದ್ದಕ್ಕಿದ್ದಂತೆ ಬಿದ್ದ ಅಥವಾ ಎರಡು ಸಂಖ್ಯೆಗಳು ಒಂದಕ್ಕೊಂದು ಹೊಂದದ ಜಾಗ. ಇನ್ನೊಂದು, ನೀವು ಮಾಡಿದ ದೊಡ್ಡ ಕೆಲಸವೊಂದು ಸಣ್ಣ ಬಾಕ್ಸಿನಲ್ಲಿ ಉಸಿರುಗಟ್ಟಿ, ಏನು ಅಂತಲೇ ಗೊತ್ತಾಗದ ಜಾಗ. ಚಟುವಟಿಕೆಯ ವಿವರಣೆಗೆ 150 ಅಕ್ಷರ ಮಾತ್ರ. ಪದ ಅಲ್ಲ, ಅಕ್ಷರ. ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ.

ಒಂದೂ ಸುತ್ತು ಬೀಳಲಿಲ್ಲವಾ? ಹಾಗಾದರೆ ಎರಡೂ ಬಾಕ್ಸುಗಳನ್ನು ಖಾಲಿ ಬಿಡಿ. ಬೇಕಿದ್ದರೆ ಕೊನೆಯ ಹೆಜ್ಜೆಗೆ ನೇರ ಹೋಗಬಹುದು.

ಒಂದು ಅರ್ಜಿಯನ್ನು ಹತ್ತಿರದಿಂದ ನೋಡೋಣ

ಶಿರಸಿ ಕಡೆಯ ಒಂದು ಹಳ್ಳಿಯ ಹುಡುಗಿಯ ಅರ್ಜಿ ಇದು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅವಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 594, ಅಂದರೆ 95%. ಫಸ್ಟ್ ಪಿಯುನಲ್ಲಿ 600ಕ್ಕೆ 402, ಅಂದರೆ 67%. ಸೆಕೆಂಡ್ ಪಿಯು ಅರ್ಧವಾರ್ಷಿಕದಲ್ಲಿ 516, ಅಂದರೆ 86%. ಪೆನ್ಸಿಲ್ ಎಲ್ಲಿ ನಿಲ್ಲುತ್ತದೆ ಅಂತ ಹೇಳಬೇಕಿಲ್ಲ.

ಅವಳ ಮೊದಲ ಕರಡು ಶುರುವಾಗಿದ್ದೇ ಅಪ್ಪನಿಂದ. ಫಸ್ಟ್ ಪಿಯು ಡಿಸೆಂಬರಿನಲ್ಲಿ, ಕೊನೆಕೊಯ್ಲಿನ ಹೊತ್ತಿಗೆ, ಅಪ್ಪ ಅಡಿಕೆ ಮರದಿಂದ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದು ಮೂರು ತಿಂಗಳು ಮಲಗಿದರು. ಅಮ್ಮ ಆಸ್ಪತ್ರೆ ಓಡಾಟದಲ್ಲಿದ್ದರೆ ಅಡಿಕೆ ಸುಲಿಸುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಇವಳ ತಲೆಗೆ ಬಂತು. ಐದು ವಾರ ಕಾಲೇಜಿಗೆ ಹೋಗಲಿಲ್ಲ. ಕರಡು 250 ಪದದ ಅಂಚಿಗೆ ಬಂದು ನಿಂತಿತ್ತು. ಓದಿದರೆ ಕಣ್ಣು ತುಂಬಿ ಬರುವಂತಿತ್ತು.

ನಾನು ಅಂಕಪಟ್ಟಿಯನ್ನು ಎದುರಿಗಿಟ್ಟು ಕೇಳಿದೆ. "ಅಪ್ಪ ಬಿದ್ದದ್ದು ಡಿಸೆಂಬರಿನಲ್ಲಿ. ಅಕ್ಟೋಬರ್ ಪರೀಕ್ಷೆಯಲ್ಲಿ ಎಷ್ಟಿತ್ತಮ್ಮ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅರವತ್ತೊಂದು ಪರ್ಸೆಂಟ್, ಸರ್."

"ಆಗ ಯಾಕೆ ಕಡಿಮೆ ಆಯಿತು?"

"ಪಾಠವೇ ಅರ್ಥ ಆಗ್ತಿರಲಿಲ್ಲ ಸರ್. ಎಲ್ಲ ಇಂಗ್ಲಿಷ್."

ನಿಜವಾದ ಕಾರಣ ಇದು. ಹತ್ತರವರೆಗೆ ಕನ್ನಡ ಮಾಧ್ಯಮ, ಪಿಯು ವಿಜ್ಞಾನಕ್ಕೆ ಬಂದ ಕೂಡಲೇ ಪಾಠ, ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲ ಇಂಗ್ಲಿಷಿನಲ್ಲಿ. ವೇಗೋತ್ಕರ್ಷ ಅಂದರೆ ಅವಳಿಗೆ ಚೆನ್ನಾಗಿ ಗೊತ್ತು. ಅದನ್ನೇ ಆಕ್ಸಿಲರೇಷನ್ ಅಂದಾಗ ಎರಡನ್ನೂ ಹೊಂದಿಸಿಕೊಳ್ಳುವಷ್ಟರಲ್ಲಿ ಬೋರ್ಡಿನ ಮೇಲಿನ ಲೆಕ್ಕ ಅಳಿಸಿ ಹೋಗಿರುತ್ತಿತ್ತು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಪಾಠ ಮಾಡುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಮಕ್ಕಳು ಇದನ್ನು ಬರೆಯಲು ನಾಚುತ್ತಾರೆ. ಅಪಘಾತ ಹೇಳಿಕೊಳ್ಳಬಹುದಾದ ಕಾರಣ, ಇಂಗ್ಲಿಷ್ ಬರದಿದ್ದದ್ದು ಮುಚ್ಚಿಡಬೇಕಾದ ಕಾರಣ ಅನ್ನುವ ಭಾವನೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ.

ಅವಳ ಫಸ್ಟ್ ಪಿಯು ಅಂಕಗಳನ್ನು ಬಿಡಿಸಿ ನೋಡಿದರೆ ಅದೇ ಕಥೆ ಕಾಣುತ್ತದೆ. ಕನ್ನಡ 92, ಇಂಗ್ಲಿಷ್ 58, ಫಿಸಿಕ್ಸ್ 51, ಕೆಮಿಸ್ಟ್ರಿ 63, ಗಣಿತ 54, ಬಯಾಲಜಿ 84. ಐದು ವಾರ ತಪ್ಪಿಸಿಕೊಂಡರೂ ಕನ್ನಡ ಬೀಳಲಿಲ್ಲ. ಅಪಘಾತ ಒಂದೇ ಕಾರಣ ಅಂತ ಬರೆದಿದ್ದರೆ ಗಮನವಿಟ್ಟು ಓದುವವರಿಗೆ ಈ 92 ಒಗಟಾಗುತ್ತಿತ್ತು. ಎರಡೂ ಕಾರಣ ಹೇಳಿದರೆ ಅದೇ 92 ಅವಳ ಪರವಾಗಿ ಸಾಕ್ಷಿ ಹೇಳುತ್ತದೆ.

ಇನ್ನೊಂದು ತೀರ್ಮಾನ ಮಾಡಬೇಕಿತ್ತು. ಎರಡು ಕಾರಣಗಳನ್ನು ಎರಡು ಬಾಕ್ಸಿಗೆ ಹಂಚಬೇಕಾ? ಬೇಡ ಅಂದೆ. ಎರಡೂ ವಿವರಿಸುವುದು ಒಂದೇ ಸಂಖ್ಯೆಯನ್ನು, ಆ 67ನ್ನು. ಒಂದು ಸುತ್ತಿಗೆ ಒಂದೇ ಜಾಗದಲ್ಲಿ ಉತ್ತರ ಇರಲಿ. ಹಾಗಾಗಿ ಕಷ್ಟ-ಪರಿಸ್ಥಿತಿಗಳ 250 ಪದದ ಬಾಕ್ಸಿನಲ್ಲೇ ಎರಡನ್ನೂ ಇಟ್ಟೆವು.

ಹೆಜ್ಜೆ 3: ಕಾರಣ, ಪರಿಣಾಮ, ಆಮೇಲೆ ಏನು ಮಾಡಿದಿರಿ

ಕಷ್ಟದ ಬಾಕ್ಸಿನಲ್ಲಿ ಮೂರು ಸಂಗತಿ ಬಂದರೆ ಸಾಕು. ಏನಾಯಿತು ಮತ್ತು ಯಾವಾಗ. ಅದರಿಂದ ಓದಿಗೆ ಏನಾಯಿತು. ಅದಾದ ಮೇಲೆ ನೀವೇನು ಮಾಡಿದಿರಿ, ಈಗ ಹೇಗಿದೆ. ಮೂರನೆಯದಕ್ಕೆ ಜಾಸ್ತಿ ಜಾಗ ಕೊಡಿ. ಓದುವವರಿಗೆ ಬೇಕಿರುವುದು ಒಂದೇ ಪ್ರಶ್ನೆಗೆ ಉತ್ತರ: ಈ ಹುಡುಗಿ ನಮ್ಮ ಕಾಲೇಜಿಗೆ ಬಂದರೆ ಓದು ನಿಭಾಯಿಸುತ್ತಾಳಾ?

ಅವಳು ಕೊನೆಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

> 10ನೇ ತರಗತಿವರೆಗೆ ನಾನು ಎಲ್ಲ ವಿಷಯಗಳನ್ನೂ ಕನ್ನಡದಲ್ಲಿ ಓದಿದೆ. 11ನೇ ತರಗತಿಯಿಂದ ವಿಜ್ಞಾನ ಮತ್ತು ಗಣಿತದ ಪಾಠ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿ ಇದ್ದವು. ಮೊದಲ ಕೆಲವು ತಿಂಗಳು ನನಗೆ ಪಾಠ ಹಿಂಬಾಲಿಸಲು ಆಗಲಿಲ್ಲ. ಡಿಸೆಂಬರಿನಲ್ಲಿ ತಂದೆ ಅಡಿಕೆ ಮರದಿಂದ ಬಿದ್ದು ಮೂರು ತಿಂಗಳು ನಡೆಯಲಾಗಲಿಲ್ಲ. ಅದು ಕೊಯ್ಲಿನ ಸಮಯ. ತೋಟದ ಕೆಲಸ ನೋಡಿಕೊಳ್ಳಲು ಐದು ವಾರ ಕಾಲೇಜಿಗೆ ಹೋಗಲಿಲ್ಲ. ಆ ವರ್ಷ 67% ಬಂತು.
>
> ರಜೆಯಲ್ಲಿ ಫಿಸಿಕ್ಸ್ ಮತ್ತು ಗಣಿತದ ಪುಸ್ತಕಗಳನ್ನು ಮೊದಲಿನಿಂದ ಓದಿ, ಸುಮಾರು 600 ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಬರೆದ ನೋಟ್‌ಬುಕ್ ಮಾಡಿಕೊಂಡೆ. 12ನೇ ತರಗತಿಯ ಅರ್ಧವಾರ್ಷಿಕದಲ್ಲಿ 86% ಬಂದಿದೆ. ಫಿಸಿಕ್ಸ್ 51ರಿಂದ 84ಕ್ಕೆ, ಗಣಿತ 54ರಿಂದ 82ಕ್ಕೆ ಏರಿದೆ. ತಂದೆ ಈಗ ಗುಣವಾಗಿದ್ದಾರೆ.

ಇಷ್ಟೇ. 250 ಪದ ಸಿಗುತ್ತದೆ ಅಂತ 250 ತುಂಬಲಿಲ್ಲ. ಆಂಬುಲೆನ್ಸ್, ಅಮ್ಮನ ಅಳು, ಆಸ್ಪತ್ರೆಯ ಬಿಲ್ಲು ಎಲ್ಲ ಹೋಯಿತು. ಅವು ಸುಳ್ಳು ಅಂತಲ್ಲ. 67 ಯಾಕೆ ಬಂತು ಅನ್ನುವುದಕ್ಕೆ ಅವುಗಳಿಂದ ಉತ್ತರ ಸಿಗುವುದಿಲ್ಲ. "ತಂದೆ ಈಗ ಗುಣವಾಗಿದ್ದಾರೆ" ಅನ್ನುವ ಸಾಲನ್ನು ಮಾತ್ರ ಬಿಡಬಾರದು. ಆ ಕಷ್ಟ ಇನ್ನೂ ನಡೆಯುತ್ತಿದೆಯಾ ಇಲ್ಲವಾ ಅಂತ ಓದುವವರಿಗೆ ಗೊತ್ತಾಗಬೇಕು. ಮುಗಿದಿಲ್ಲದಿದ್ದರೆ ಈಗ ಹೇಗೆ ನಿಭಾಯಿಸುತ್ತಿದ್ದೀರಿ ಅಂತ ಬರೆಯಿರಿ.

ಆ ನೋಟ್‌ಬುಕ್ಕಿನ ವಿಷಯ ಮೊದಲ ಕರಡಿನಲ್ಲಿ ಇರಲೇ ಇಲ್ಲ. ಮಾತಿನ ನಡುವೆ ಬಾಯಿ ತಪ್ಪಿ ಬಂತು. "ಅದೇನು ದೊಡ್ಡ ವಿಷಯ ಅಲ್ಲ ಸರ್" ಅಂದಳು. ಇಡೀ ಬಾಕ್ಸಿನಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಅದೇ. "ತುಂಬಾ ಕಷ್ಟಪಟ್ಟು ಓದಿದೆ" ಅಂತ ಯಾರು ಬೇಕಾದರೂ ಬರೆಯುತ್ತಾರೆ. 600 ಪದದ ನೋಟ್‌ಬುಕ್ ಅವಳೊಬ್ಬಳದ್ದು.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ವಿಷಯ ಗೊತ್ತಿಲ್ಲದ ಯಾರಿಗಾದರೂ ಓದಲು ಕೊಡಿ. ಓದಿ ಮುಗಿಸಿ ಅವರು "ಪಾಪ!" ಅಂದರೆ ಇನ್ನೊಮ್ಮೆ ಬರೆಯಬೇಕು. "ಓ, ಅದಕ್ಕಾ!" ಅಂದರೆ ಸರಿಯಾಗಿದೆ. ಅನುಕಂಪ ಹುಟ್ಟಿಸಿದರೂ ಅಂಕ ಯಾಕೆ ಬಿತ್ತು ಅನ್ನುವುದು ಅರ್ಥವಾಗದೇ ಉಳಿದಿದ್ದರೆ ಆ ಬಾಕ್ಸಿನ ಕೆಲಸ ಆಗಿಲ್ಲ.

ಕಾಯಿಲೆಯ ವಿಷಯಕ್ಕೂ ಇದೇ ಅಳತೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು ದಿನ ತರಗತಿ ತಪ್ಪಿತು, ಈಗ ಹೇಗಿದ್ದೀರಿ. ಔಷಧಿಯ ಹೆಸರು, ರಿಪೋರ್ಟು, ಒಳಗಿನ ವಿವರ ಯಾವುದೂ ಬೇಡ. ನಿಮ್ಮ ಖಾಸಗಿ ಸಂಗತಿ ಎಷ್ಟು ಹೇಳಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರಲಿ.

ಹೆಜ್ಜೆ 4: ಪ್ರಿನ್ಸಿಪಾಲರು ಏನು ಹೇಳುತ್ತಾರೆ ಅಂತ ತಿಳಿದುಕೊಳ್ಳಿ

ಈ ಹೆಜ್ಜೆಯನ್ನು ಬಹಳ ಮಂದಿ ಮರೆಯುತ್ತಾರೆ. ನಿಮ್ಮ ಅರ್ಜಿಯ ಜೊತೆ ಕಾಲೇಜಿನ ಕಡೆಯಿಂದ ಒಂದು ವರದಿಯೂ ಹೋಗುತ್ತದೆ. ಅಮೆರಿಕದಲ್ಲಿ ಅದನ್ನು ಶಾಲೆಯ ಕೌನ್ಸೆಲರ್ ತುಂಬುತ್ತಾರೆ, ಶಾಲೆ ಹೇಗಿದೆ ಅಂತ ತಿಳಿಸುವ ಒಂದೆರಡು ಪುಟದ ಪರಿಚಯವನ್ನೂ ಸೇರಿಸುತ್ತಾರೆ. ನಮ್ಮ ಊರಿನ ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಇರುವುದು ಅಪರೂಪ. ಪ್ರಿನ್ಸಿಪಾಲರೋ ಒಬ್ಬ ಲೆಕ್ಚರರೋ ತುಂಬುತ್ತಾರೆ.

ಕೆಲವು ಮಾತು ಅವರ ಬಾಯಿಂದ ಬಂದರೆ ತೂಕ ಜಾಸ್ತಿ. ಐದು ವಾರದ ಗೈರುಹಾಜರಿ ಅಂಥದ್ದು. "ಹುಡುಗಿ ಹೇಳಿದ್ದು ನಿಜ, ಹಾಜರಿ ಪುಸ್ತಕದಲ್ಲಿ ಇದೆ" ಅಂತ ಪ್ರಿನ್ಸಿಪಾಲರು ಎರಡು ಸಾಲು ಬರೆದರು. ನಮ್ಮ ಕಾಲೇಜಿನಲ್ಲಿ ವಿಜ್ಞಾನಕ್ಕೆ ಯಾವ ಕಾಂಬಿನೇಷನ್‌ಗಳಿವೆ, ಮೇಲ್ಮಟ್ಟದ ಬೇರೆ ಕೋರ್ಸುಗಳು ಇಲ್ಲ, ಕನ್ನಡ ಮಾಧ್ಯಮದಿಂದ ಬರುವ ಮಕ್ಕಳೇ ಜಾಸ್ತಿ ಅನ್ನುವುದನ್ನೂ ಅವರೇ ಹೇಳಿದರು. ಆ ಪ್ಯಾರಾವನ್ನು ಹುಡುಗಿ ತನ್ನ ಬಾಕ್ಸಿನಿಂದ ತೆಗೆದುಹಾಕಿದಳು.

ಪ್ರಿನ್ಸಿಪಾಲರಿಗೆ ಸಮಯ ಇಲ್ಲ, ಸಹಿ ಹಾಕಿ ಕಳಿಸುತ್ತಾರೆ ಅಷ್ಟೇ ಅನ್ನುವ ಕಾಲೇಜುಗಳೂ ಇವೆ. ಹಾಗಿದ್ದರೆ ಕಾಲೇಜಿನ ಬಗ್ಗೆ ಎರಡು ಸಾಲು ನೀವೇ ಬರೆಯಬಹುದು. ದೂರಿನ ಧ್ವನಿ ಬರದಂತೆ ಎಚ್ಚರ ಇರಲಿ. "ಫಿಸಿಕ್ಸ್ ಲೆಕ್ಚರರ್ ಸರಿಯಾಗಿ ಪಾಠ ಮಾಡಲಿಲ್ಲ" ಅಂತ ಬರೆದರೆ ಓದುವವರು ಲೆಕ್ಚರರ್ ಬಗ್ಗೆ ಏನೂ ತಿಳಿಯುವುದಿಲ್ಲ, ನಿಮ್ಮ ಬಗ್ಗೆ ತಿಳಿಯುತ್ತಾರೆ. "ಫಸ್ಟ್ ಪಿಯುನಲ್ಲಿ ನಾಲ್ಕು ತಿಂಗಳು ಫಿಸಿಕ್ಸ್ ಹುದ್ದೆ ಖಾಲಿ ಇತ್ತು, ಆ ಭಾಗವನ್ನು ನಾನೇ ಓದಿಕೊಂಡೆ" ಅನ್ನುವುದು ಸಂಗತಿ. ಅದನ್ನು ಬರೆಯಬಹುದು.

ಹೆಜ್ಜೆ 5: 150 ಅಕ್ಷರದಲ್ಲಿ ಹಿಡಿಸದ ಕೆಲಸ

ಈಗ ಎರಡನೇ ಬಾಕ್ಸಿಗೆ, ಅಂದರೆ 300 ಪದದ ಜಾಗಕ್ಕೆ ಬರೋಣ.

ಈ ಹುಡುಗಿಯ ಚಟುವಟಿಕೆ ಪಟ್ಟಿಯ ಮೂರನೇ ಸಾಲಿನಲ್ಲಿ "ಹಳ್ಳಿಯ ಬಾವಿಗಳ ನೀರಿನ ಮಟ್ಟ ಅಳೆದದ್ದು" ಅಂತ ಇತ್ತು. ಅದನ್ನು ಓದಿದರೆ ಶಾಲೆಯ ಪ್ರಾಜೆಕ್ಟು ಅನ್ನಿಸುತ್ತದೆ. ನಿಜಕ್ಕೂ ಅವಳು ಒಂದು ವರ್ಷ ಪೂರ್ತಿ, ಪ್ರತಿ ಭಾನುವಾರ, ಊರಿನ 11 ತೆರೆದ ಬಾವಿಗಳಿಗೆ ಹೋಗಿ ಅಳತೆ ಮಾಡಿದ್ದಳು. ಹಗ್ಗಕ್ಕೆ ಅರ್ಧ ಅಡಿಗೊಂದು ಗಂಟು, ತುದಿಗೆ ಕಲ್ಲು. ಕಟ್ಟೆಯ ಮೇಲೆ ಸುಣ್ಣದಲ್ಲಿ ಗುರುತು ಮಾಡಿ, ಪ್ರತಿ ವಾರ ಅದೇ ಗುರುತಿನಿಂದ ಇಳಿಬಿಡುತ್ತಿದ್ದಳು. ಮಾರ್ಚ್‌ನಲ್ಲಿ ತೋಟದ ಪಂಪ್ ಓಡುವ ದಿನ ಪಕ್ಕದ ಎರಡು ಬಾವಿಗಳ ನೀರು ಬೇಗ ಇಳಿಯುತ್ತದೆ ಅಂತ ಅಳತೆ ಬರೆದಿಟ್ಟ ಪುಸ್ತಕದಲ್ಲಿ ಕಂಡಿತು. ನೀರು ಬಿಡುವ ಸರದಿ ಬದಲಿಸೋಣ ಅಂತ ಅಲ್ಲಿನ ಮೂರು ಮನೆಯವರೊಂದಿಗೆ ಮಾತಾಡಿದಳು.

ಇದು 150 ಅಕ್ಷರದಲ್ಲಿ ಹೇಗೆ ಹಿಡಿಸಬೇಕು? ಇಂಥ ಕೆಲಸಕ್ಕೇ ಈ ಬಾಕ್ಸ್ ಇರುವುದು. ಪಟ್ಟಿಯಲ್ಲಿ ಇದ್ದಷ್ಟು ಇರಲಿ. ಇಲ್ಲಿ ಮೊದಲು ಯಾವ ಸಾಲಿನ ವಿವರ ಅಂತ ಹೇಳಿ, ಆಮೇಲೆ ಉಳಿದದ್ದು ಬರೆಯಬೇಕು. ಅವಳು ಬರೆದದ್ದು ಐದು ವಾಕ್ಯ: ಎಷ್ಟು ಬಾವಿ, ಎಷ್ಟು ದಿನ, ಹೇಗೆ ಅಳೆದಳು, ಏನು ಕಂಡಿತು, ಆಮೇಲೆ ಏನಾಯಿತು. ಸರದಿಗೆ ಎರಡು ಮನೆಯವರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಅದನ್ನೂ ಹಾಗೇ ಬರೆಯಲು ಹೇಳಿದೆ. "ಊರಿನ ನೀರಿನ ಸಮಸ್ಯೆ ಬಗೆಹರಿಸಿದೆ" ಅನ್ನುವ ಸಾಲು ಮೊದಲು ಇತ್ತು, ಅದನ್ನು ಅವಳೇ ಹೊಡೆದು ಹಾಕಿದಳು.

ಎಷ್ಟು ಕೆಲಸಗಳಿಗೆ ಹೀಗೆ ಜಾಗ ಕೊಡಬಹುದು? ನನ್ನ ಮಟ್ಟಿಗೆ ಒಂದು, ತೀರಾ ಬೇಕಿದ್ದರೆ ಎರಡು. 10 ಸಾಲು ತುಂಬಿದ ಮೇಲೆ 11ನೆಯದು, 12ನೆಯದು ಅಂತ ಇಲ್ಲಿ ಪಟ್ಟಿ ಮುಂದುವರಿಸಬೇಡಿ. ಮೊದಲ ಹತ್ತರಲ್ಲಿ ಬರದ್ದು ಹನ್ನೊಂದನೇ ಜಾಗದಲ್ಲಿ ಬಂದು ನಿಮ್ಮನ್ನು ಎತ್ತಿ ಹಿಡಿಯುವುದಿಲ್ಲ. ರೆಸ್ಯೂಮೆಯನ್ನು ಇಲ್ಲಿ ಅಂಟಿಸುವುದಂತೂ ಬೇಡವೇ ಬೇಡ. ಈಗಾಗಲೇ ಓದಿದ್ದನ್ನೇ ಅವರು ಮತ್ತೆ ಓದಬೇಕಾಗುತ್ತದೆ.

ಖಾಲಿ ಬಿಡಬೇಕಾದ ಅರ್ಜಿ

ಅದೇ ಬ್ಯಾಚಿನಲ್ಲಿ ಒಬ್ಬ ಹುಡುಗ ಇದ್ದ. ಒಂಬತ್ತರಲ್ಲಿ 93, ಹತ್ತರಲ್ಲಿ 94, ಫಸ್ಟ್ ಪಿಯುನಲ್ಲಿ 91, ಅರ್ಧವಾರ್ಷಿಕದಲ್ಲಿ 92. ಚಟುವಟಿಕೆಗಳು ಏಳು, ಎಲ್ಲವೂ 150 ಅಕ್ಷರದಲ್ಲಿ ಸರಿಯಾಗಿ ಕೂತಿದ್ದವು. ಪ್ರಬಂಧ ಚೆನ್ನಾಗಿತ್ತು. ಪೆನ್ಸಿಲ್ ಎಲ್ಲೂ ನಿಲ್ಲಲಿಲ್ಲ.

ಆದರೆ ಅವನ ಅಪ್ಪನಿಗೆ ಸಮಾಧಾನ ಇಲ್ಲ. "ಜಾಗ ಕೊಟ್ಟಿದ್ದಾರೆ ಅಂದ ಮೇಲೆ ಏನಾದರೂ ಬರೆಯಲಿ ಅಂತ ತಾನೇ ಸರ್? ಖಾಲಿ ಬಿಟ್ಟರೆ ಆಸಕ್ತಿ ಇಲ್ಲ ಅಂದುಕೊಳ್ಳಲ್ವಾ?" ನಮ್ಮಲ್ಲಿ ಇದು ಸಹಜವಾದ ಭಯ. ಪರೀಕ್ಷೆಯಲ್ಲಿ ಪ್ರಶ್ನೆ ಖಾಲಿ ಬಿಟ್ಟರೆ ಸೊನ್ನೆ, ಏನಾದರೂ ಗೀಚಿದರೆ ಅರ್ಧ ಅಂಕವಾದರೂ ಸಿಗಬಹುದು ಅಂತಲೇ ನಾವು ಬೆಳೆದವರು, ನಾನೂ ಮಕ್ಕಳಿಗೆ ಹಾಗೇ ಹೇಳಿಕೊಟ್ಟವನು. ಈ ಬಾಕ್ಸಿಗೆ ಅಂಕ ಇಲ್ಲ. ಹೇಳಲು ಇದ್ದವರಿಗೆ ಮಾತ್ರ ಅನ್ನುವುದು ಪುಟದ ಸ್ವರೂಪದಲ್ಲೇ ಇದೆ.

ಹುಡುಗ ಆಗಲೇ ಮೂರು ಪ್ರಯತ್ನ ಮಾಡಿದ್ದ. ಮೊದಲನೆಯದರಲ್ಲಿ 94 ಹೇಗೆ 91 ಆಯಿತು ಅಂತ ವಿವರಣೆ ಇತ್ತು. ಮೂರು ಅಂಕದ ವ್ಯತ್ಯಾಸವನ್ನು ಯಾರೂ ಗಮನಿಸುತ್ತಿರಲಿಲ್ಲ, ವಿವರಣೆ ಕೊಟ್ಟು ತಾನೇ ಬೆರಳು ತೋರಿಸಿದಂತಾಯಿತು. ಎರಡನೆಯದು ಆ ಕಾಲೇಜಿನಲ್ಲೇ ಯಾಕೆ ಓದಬೇಕು ಅನ್ನುವ ಪ್ಯಾರಾ. ಇದು ಅಪಾಯ. ಈ ಬಾಕ್ಸಿನಲ್ಲಿ ಬರೆದದ್ದು ಎಲ್ಲ ಕಾಲೇಜುಗಳಿಗೂ ಹೋಗುವ ಅರ್ಜಿಯ ಭಾಗ. ಒಂದು ಕಾಲೇಜಿನ ಹೆಸರು ಹಾಕಿದರೆ ಉಳಿದವರೂ ಅದನ್ನೇ ಓದುತ್ತಾರೆ. ಅಂಥ ಮಾತಿಗೆ ಆಯಾ ಕಾಲೇಜಿನ ಪ್ರತ್ಯೇಕ ಪ್ರಶ್ನೆಗಳಿರುತ್ತವೆ. ಮೂರನೆಯದು ಅಜ್ಜನ ಬಗ್ಗೆ ಒಂದು ಸುಂದರ ಬರಹ. ನಿಜಕ್ಕೂ ಸುಂದರವಾಗಿತ್ತು. ಆದರೆ ಮುಖ್ಯ ಪ್ರಬಂಧವೂ ಅಜ್ಜನ ಬಗ್ಗೆಯೇ ಇತ್ತು. ಇದರಲ್ಲಿನ ಒಂದು ಒಳ್ಳೆಯ ವಿವರವನ್ನು, ಅಜ್ಜ ರೇಡಿಯೊ ಬಿಚ್ಚಿ ಸ್ಕ್ರೂಗಳನ್ನು ಕಾಫಿ ಲೋಟದಲ್ಲಿ ಹಾಕಿಡುತ್ತಿದ್ದದ್ದನ್ನು, ಪ್ರಬಂಧಕ್ಕೆ ಸೇರಿಸಿದೆವು. ಬಾಕ್ಸ್ ಖಾಲಿ ಉಳಿಯಿತು.

ನಿಮಗೂ ಅನುಮಾನ ಇದ್ದರೆ ಹೀಗೆ ಕೇಳಿಕೊಳ್ಳಿ: ಇಲ್ಲಿ ಬರೆದದ್ದನ್ನು ಪೂರ್ತಿ ಅಳಿಸಿದರೆ ಓದುವವರು ನನ್ನ ಬಗ್ಗೆ ಏನನ್ನಾದರೂ ತಪ್ಪಾಗಿ ತಿಳಿಯುತ್ತಾರಾ? ತಪ್ಪಾಗಿ ತಿಳಿಯುವುದಿಲ್ಲ, ಒಂದು ಒಳ್ಳೆಯ ವಿಷಯ ಕಡಿಮೆ ತಿಳಿಯುತ್ತಾರೆ ಅಷ್ಟೇ ಅನ್ನಿಸಿದರೆ, ಆ ಒಳ್ಳೆಯ ವಿಷಯ ಬಾವಿಯ ಕೆಲಸದಷ್ಟು ದೊಡ್ಡದಾ ಅಂತ ನೋಡಿ. ಅಲ್ಲವಾದರೆ ಬಿಡಿ.

ಒಂದು ಮಾತು: ಖಾಲಿ ಅಂದರೆ ಖಾಲಿ. "ಹೆಚ್ಚಿನ ಮಾಹಿತಿ ಏನೂ ಇಲ್ಲ, ಧನ್ಯವಾದ" ಅಂತ ಬರೆಯಬೇಡಿ.

ಹೆಜ್ಜೆ 6: ಕಳಿಸುವ ಮುನ್ನ, ಕಳಿಸಿದ ಮೇಲೆ

ಬರೆದದ್ದನ್ನು ವರ್ಡ್‌ನಲ್ಲಿಟ್ಟು ಕಾಪಿ-ಪೇಸ್ಟ್ ಮಾಡುವವರೇ ಜಾಸ್ತಿ. ಅಲ್ಲಿ ಹಾಕಿದ ಟೇಬಲ್ಲು, ಚುಕ್ಕಿ ಪಟ್ಟಿ ಇಲ್ಲಿ ಅಸ್ತವ್ಯಸ್ತ ಆಗಬಹುದು. ಸಾದಾ ಪ್ಯಾರಾಗಳಲ್ಲಿ ಬರೆಯಿರಿ. ಎರಡು ವಿಷಯ ಇದ್ದರೆ ನಡುವೆ ಒಂದು ಖಾಲಿ ಸಾಲು ಬಿಡಿ, ಪ್ರತಿಯೊಂದರ ಮೊದಲ ವಾಕ್ಯದಲ್ಲೇ ಏನರ ಬಗ್ಗೆ ಅಂತ ಹೇಳಿ. ಆಮೇಲೆ ಪ್ರಿವ್ಯೂ ಪಿಡಿಎಫ್ ತೆಗೆದು ನೋಡಿ. ಕಾಲೇಜಿನವರು ಓದುವುದು ಹೆಚ್ಚುಕಡಿಮೆ ಅದೇ ರೂಪದಲ್ಲಿ. ಕೊನೆಯ ವಾಕ್ಯ ಅರ್ಧಕ್ಕೆ ತುಂಡಾಗಿದೆಯಾ ಅಂತ ಬೆರಳಿಟ್ಟು ನೋಡಿಕೊಳ್ಳಿ.

ಸಂಖ್ಯೆಗಳನ್ನು ಅಂಕಪಟ್ಟಿಯ ಜೊತೆ ಇನ್ನೊಮ್ಮೆ ತಾಳೆ ಹಾಕಿ. ಬಾಕ್ಸಿನಲ್ಲಿ 86 ಅಂತಲೂ ಪ್ರಿನ್ಸಿಪಾಲರ ವರದಿಯಲ್ಲಿ 85.5 ಅಂತಲೂ ಇದ್ದರೆ, ವಿವರಣೆ ಕೊಡಲು ಹೋಗಿ ಹೊಸ ಪ್ರಶ್ನೆ ಹುಟ್ಟಿಸಿದಂತಾಗುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೂ ಹಾಕುತ್ತಿದ್ದರೆ ನೆನಪಿಡಿ, ಅವರ ಅರ್ಜಿ ಬೇರೆ. ಅಲ್ಲಿನ ಹೆಚ್ಚುವರಿ ಬಾಕ್ಸಿನ ಮಿತಿ 550 ಪದ. ಮಿತಿ ದೊಡ್ಡದು ಅಂತ ಬರಹ ಉದ್ದ ಮಾಡಬೇಡಿ, ಇಲ್ಲಿ ಬರೆದದ್ದೇ ಅಲ್ಲಿಗೂ ಸಾಕು.

ಕಳಿಸಿದ ಮೇಲೆ ಏನಾದರೂ ಹೊಸದು ನಡೆದರೆ? ಅರ್ಜಿ ಹೋದ ಕಾಲೇಜಿಗೆ ಈ ಬಾಕ್ಸಿನ ಮೂಲಕ ಏನೂ ತಿಳಿಸಲಾಗುವುದಿಲ್ಲ. ಹೊಸ ಅಂಕಗಳನ್ನು ಪ್ರಿನ್ಸಿಪಾಲರು ವರ್ಷದ ನಡುವಿನ ಮತ್ತು ಕೊನೆಯ ವರದಿಗಳಲ್ಲಿ ಕಳಿಸುತ್ತಾರೆ. ಬೇರೆ ಸಂಗತಿಯಾದರೆ ಆ ಕಾಲೇಜು ಅರ್ಜಿದಾರರಿಗೆ ಕೊಡುವ ಪೋರ್ಟಲ್‌ನಲ್ಲಿ ತಿಳಿಸಬೇಕು. ನಮ್ಮ ಹುಡುಗಿಗೆ ಜನವರಿಯ ಪರೀಕ್ಷೆಯಲ್ಲಿ 89% ಬಂತು. ಅವಳು ಮಾಡಿದ್ದು ಇಷ್ಟೇ: ಅಂಕಪಟ್ಟಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಅವರು ಅಪ್‌ಲೋಡ್ ಮಾಡಿ ಮುಗಿಸುವವರೆಗೆ ಬಾಗಿಲ ಹತ್ತಿರವೇ ನಿಂತಿದ್ದಳು.